ಮಲಯಾಳಂ ಭಾಷಾ ಮಸೂದೆ: ಏಳನೇ ಕಲಂ ಕಾಸರಗೋಡಿನ ಕನ್ನಡಿಗರನ್ನು ಎಷ್ಟು ಕಾಯುತ್ತದೆ?

ಕೇರಳ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ಮಲಯಾಳಂ ಭಾಷಾ ಮಸೂದೆಯನ್ನು ಪಾಸು ಮಾಡಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ವಿರೋಧಿಸಿ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದರು. ಕಾಸರಗೋಡಿನ ಕನ್ನಡ ಮಕ್ಕಳ ಮೇಲೆ ಇನ್ನೊಂದು ಭಾಷೆಯನ್ನು ಹೇರಿದಂತಾಗುತ್ತದೆ, ಇದು ಸಂವಿಧಾನಕ್ಕೆ ಹೊಂದುವುದಿಲ್ಲ ಎಂಬುದು ಅವರ ತಕರಾರು. ಪಿಣರಾಯಿ ಅದನ್ನು ಒಪ್ಪಲಿಲ್ಲ. ಮಸೂದೆಯ ಏಳನೇ ಕಲಂ ಕನ್ನಡ ಮತ್ತು ತಮಿಳು ಮಾತಾಡುವವರ ಹಕ್ಕನ್ನು ಹಾಗೇ ಉಳಿಸಿಕೊಂಡಿದೆ, ಯಾರ ಮೇಲೂ ಏನನ್ನೂ ಹೇರುತ್ತಿಲ್ಲ ಎಂದರು.

ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. ಒಂದೇ ಮಸೂದೆ. ಒಬ್ಬರು ಹಕ್ಕು ಹೋಯಿತು ಅನ್ನುತ್ತಾರೆ, ಇನ್ನೊಬ್ಬರು ಹಕ್ಕು ಭದ್ರವಾಗಿದೆ ಅನ್ನುತ್ತಾರೆ. ಇಬ್ಬರ ಮಾತಿಗೂ ಆಧಾರ ಇದೆ. ಆದರೆ ಮಂಜೇಶ್ವರದ ಶಾಲೆಯಲ್ಲೋ ಕುಂಬಳೆಯ ಕಚೇರಿಯಲ್ಲೋ ಆಗುವುದನ್ನು ನಿರ್ಧರಿಸುವ ಸಂಗತಿ ಇಬ್ಬರ ಮಾತಿನಲ್ಲೂ ಬರಲಿಲ್ಲ. ಭಾಷೆಯ ಹಕ್ಕು ಕಾನೂನಿನಲ್ಲಿ ಇದ್ದರೆ ಸಾಲದು, ಅದನ್ನು ನಡೆಸಿಕೊಡಲು ಒಬ್ಬ ಶಿಕ್ಷಕ, ಒಬ್ಬ ಗುಮಾಸ್ತ, ಒಂದು ಫಾರಂ ಬೇಕು. ಅವುಗಳ ಹೊಣೆ ಯಾರದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮಸೂದೆಯಲ್ಲಿ ಏನಿದೆ

ಇದುವರೆಗೆ ಕೇರಳದಲ್ಲಿ ನಡೆದುಕೊಂಡು ಬಂದಿದ್ದು 1969ರ ಅಧಿಕೃತ ಭಾಷೆಗಳ ಕಾನೂನು. ಅದರಂತೆ ಮಲಯಾಳಂ ಮತ್ತು ಇಂಗ್ಲಿಷ್ ಎರಡೂ ಆಡಳಿತ ಭಾಷೆಗಳು. ಹೊಸ ಮಸೂದೆ ಮಲಯಾಳಂ ಒಂದನ್ನೇ ಅಧಿಕೃತ ಭಾಷೆ ಮಾಡುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೆ ಮಲಯಾಳಂ ಕಡ್ಡಾಯ ಮೊದಲ ಭಾಷೆ ಆಗಬೇಕು ಅನ್ನುತ್ತದೆ.

ಇದಕ್ಕೆ ವಿನಾಯಿತಿ ಇರುವುದು ಏಳನೇ ಕಲಂನಲ್ಲಿ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಣೆಯಾದ ಕಡೆ ಕನ್ನಡಿಗರು ಮತ್ತು ತಮಿಳರು ಅಲ್ಲಿನ ಸರಕಾರಿ ಕಚೇರಿಗಳ ಜೊತೆ, ಸೆಕ್ರೆಟರಿಯೇಟ್ ಮತ್ತು ಇಲಾಖಾ ಮುಖ್ಯಸ್ಥರ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಮಲಯಾಳಂ ಮಾತೃಭಾಷೆ ಅಲ್ಲದ ಮಕ್ಕಳು ಶಾಲೆಯಲ್ಲಿ ಸಿಗುವ ಬೇರೆ ಭಾಷೆಯನ್ನು ಆರಿಸಿಕೊಳ್ಳಬಹುದು.

ಪತ್ರ ವ್ಯವಹಾರದ ಈ ಮಾತು 1969ರ ಕಾನೂನಿನಲ್ಲೂ ಇತ್ತು. ಹಾಗಾಗಿ ಹಳೆಯ ಹಕ್ಕನ್ನು ಉಳಿಸಿದ್ದೇವೆ ಎಂಬ ಕೇರಳದ ವಾದ ಸುಳ್ಳಲ್ಲ. ಆದರೆ ಆ ಹಳೆಯ ಹಕ್ಕು ಇಷ್ಟು ವರ್ಷ ಹೇಗೆ ನಡೆಯಿತು ಅನ್ನುವುದನ್ನೂ ನೋಡಬೇಕು ಅಲ್ವಾ? ಕಾಸರಗೋಡಿನ ಕನ್ನಡಿಗರ ಅನುಮಾನ ಹುಟ್ಟುವುದು ಅಲ್ಲಿಂದಲೇ. 2015ರಲ್ಲೂ ಇಂಥದ್ದೊಂದು ಭಾಷಾ ಮಸೂದೆ ಬಂದಿತ್ತು, ಅದು ಕಾನೂನಾಗಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂತು. ಆಗಲೂ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ನಡೆದಿತ್ತು.

ಗಡಿಯೂ ಭರವಸೆಯೂ ಒಂದೇ ದಿನ ಬಂದವು

ಕಾಸರಗೋಡು ತಾಲ್ಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಊರು ಬಿಟ್ಟು ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ. ಮನೆ, ತೋಟ, ಕ್ರಯಚೀಟು ಎಲ್ಲ ಇದ್ದಲ್ಲೇ ಇದ್ದವು, ರಾಜ್ಯ ಮಾತ್ರ ಬದಲಾಯಿತು. ಬೇರೆ ರಾಜ್ಯಕ್ಕೆ ಕೆಲಸ ಹುಡುಕಿಕೊಂಡು ಹೋದವರ ಸ್ಥಿತಿಗೂ ಇವರ ಸ್ಥಿತಿಗೂ ಇರುವ ವ್ಯತ್ಯಾಸ ಇದೇ.

ಅದೇ ನವೆಂಬರ್ 1ರಂದು ಸಂವಿಧಾನದ ಏಳನೇ ತಿದ್ದುಪಡಿಯೂ ಜಾರಿಗೆ ಬಂತು. ಅದರಲ್ಲಿ ಎರಡು ಹೊಸ ವಿಧಿಗಳಿದ್ದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತದೆ 350ಎ. ಈ ರಕ್ಷಣೆಗಳು ಹೇಗೆ ನಡೆಯುತ್ತಿವೆ ಎಂದು ನೋಡಿ ರಾಷ್ಟ್ರಪತಿಗಳಿಗೆ ವರದಿ ಕೊಡುವ ವಿಶೇಷ ಅಧಿಕಾರಿಯನ್ನು ನೇಮಿಸಬೇಕು ಅನ್ನುತ್ತದೆ 350ಬಿ. ಗಡಿ ಎಳೆದಾಗ ಯಾವ ಕಡೆಯಲ್ಲಾದರೂ ಒಂದಷ್ಟು ಜನ ಅಲ್ಪಸಂಖ್ಯಾತರಾಗಿ ಉಳಿಯುತ್ತಾರೆ ಎಂಬುದು ಗಡಿ ಎಳೆದವರಿಗೆ ಗೊತ್ತಿತ್ತು. ಅದಕ್ಕೇ ಗಡಿಯ ಜೊತೆಗೇ ಈ ಭರವಸೆಯನ್ನೂ ಕೊಟ್ಟರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. ಗಡಿ ಬದಲಾಗದೆ ಉಳಿದ ಮೇಲೆ ಈ ಜನರಿಗೆ ಆಸರೆಯಾಗಿ ಉಳಿದದ್ದು 1956ರ ಭರವಸೆ ಒಂದೇ.

ಆ ಭರವಸೆಯ ಮಿತಿಯನ್ನೂ ಹೇಳಬೇಕು. 350ಎ ಮಾತು ಪ್ರಾಥಮಿಕ ಹಂತಕ್ಕೆ ಮಾತ್ರ, ಅದೂ ‘ಪ್ರಯತ್ನಿಸಬೇಕು’ ಎಂಬ ಮಟ್ಟದಲ್ಲಿ. ಹೈಸ್ಕೂಲಿನ ಪ್ರಶ್ನೆ ಬಂದರೆ ಅದರಿಂದ ದೊಡ್ಡ ಸಹಾಯ ಸಿಗುವುದಿಲ್ಲ. ಸ್ವಂತ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ 29ನೇ ವಿಧಿಯ ಹಕ್ಕು ಮೂಲಭೂತ ಹಕ್ಕು, ಅದು ಗಟ್ಟಿ. ಅಲ್ಪಸಂಖ್ಯಾತರು ತಾವೇ ಶಾಲೆ ಕಟ್ಟಿ ನಡೆಸುವ 30ನೇ ವಿಧಿಯ ಹಕ್ಕೂ ಗಟ್ಟಿ. ಆದರೆ ಅದು ಅವರು ಕಟ್ಟಿದ ಶಾಲೆಗೆ ಅನ್ವಯಿಸುತ್ತದೆ. ಸರಕಾರಿ ಶಾಲೆಯ ಕನ್ನಡ ವಿಭಾಗವನ್ನು ಅದು ನೇರವಾಗಿ ಕಾಯುವುದಿಲ್ಲ.

ಮೂರು ಬಗೆಯ ಹಕ್ಕುಗಳು

ಪೌರತ್ವ ಅಂದರೆ ಗುರುತಿನ ಚೀಟಿ ಇರುವುದಷ್ಟೇ ಅಲ್ಲ ಎಂದು ವಿವರಿಸಿದವರಲ್ಲಿ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಟಿ.ಎಚ್. ಮಾರ್ಷಲ್ ಮುಖ್ಯರು. 1949ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಅವರು ಪೌರತ್ವವನ್ನು ಮೂರಾಗಿ ನೋಡಿದರು. ಮಾತಾಡುವ, ಆಸ್ತಿ ಹೊಂದುವ, ಕೋರ್ಟಿಗೆ ಹೋಗುವಂಥವು ನಾಗರಿಕ ಹಕ್ಕುಗಳು. ಓಟು ಹಾಕುವ, ಚುನಾವಣೆಗೆ ನಿಲ್ಲುವಂಥವು ರಾಜಕೀಯ ಹಕ್ಕುಗಳು. ಶಾಲೆ, ಆಸ್ಪತ್ರೆ, ಪಿಂಚಣಿ ಇವೆಲ್ಲ ಸಾಮಾಜಿಕ ಹಕ್ಕುಗಳು. ಇಂಗ್ಲೆಂಡಿನಲ್ಲಿ ಇವು ಒಂದರ ಹಿಂದೆ ಒಂದು ಶತಮಾನದ ಅಂತರದಲ್ಲಿ ಬಂದವು ಎಂಬುದು ಅವರ ವಾದ. ಭಾರತದಲ್ಲಿ ಮೊದಲ ಎರಡು ಸಂವಿಧಾನದ ಜೊತೆಗೇ ಎಲ್ಲರಿಗೂ ಸಿಕ್ಕವು. ಮೂರನೆಯದು ಇನ್ನೂ ಬರುತ್ತಲೇ ಇದೆ.

ಮಾರ್ಷಲ್ ಭಾಷೆಯ ಬಗ್ಗೆ ಚಿಂತಿಸಬೇಕಾಗಿರಲಿಲ್ಲ. ಅವರ ಕಣ್ಣಮುಂದಿದ್ದ ದೇಶದಲ್ಲಿ ಕಚೇರಿಯ ಭಾಷೆ ಬಹುತೇಕ ಎಲ್ಲರ ಭಾಷೆಯೂ ಆಗಿತ್ತು. ಕಾಸರಗೋಡಿನಲ್ಲಿ ಹಾಗಿಲ್ಲ. ಇಲ್ಲಿ ಭಾಷೆ ಮೂರೂ ಹಕ್ಕುಗಳ ಒಳಗೆ ಹಾದುಹೋಗುತ್ತದೆ. ಶಾಲೆಯಲ್ಲಿ ಕನ್ನಡ ದುರ್ಬಲವಾದರೆ ಹತ್ತಿಪ್ಪತ್ತು ವರ್ಷದಲ್ಲಿ ಕಚೇರಿಯಲ್ಲೂ ದುರ್ಬಲವಾಗುತ್ತದೆ, ಗ್ರಾಮಸಭೆಯಲ್ಲೂ ದುರ್ಬಲವಾಗುತ್ತದೆ. ಹೇಗೆ ಅನ್ನುವುದನ್ನು ಒಂದು ಶಾಲೆಯಿಂದ ಶುರು ಮಾಡಿ ನೋಡಬಹುದು.

ಟೈಮ್‌ಟೇಬಲ್‌ನಲ್ಲಿ ನಡೆಯುವ ಲೆಕ್ಕ

ಕೇರಳದ ಹೈಸ್ಕೂಲಿನಲ್ಲಿ ಮೊದಲ ಭಾಷೆಗೆ ಎರಡು ಭಾಗ ಇದೆ. ಕನ್ನಡ ಮಾಧ್ಯಮದ ಮಗು ಭಾಗ ಒಂದರಲ್ಲಿ ಕನ್ನಡವನ್ನೋ ಸಂಸ್ಕೃತ, ಅರೇಬಿಕ್, ಉರ್ದುಗಳಲ್ಲಿ ಒಂದನ್ನೋ ತೆಗೆದುಕೊಳ್ಳುತ್ತದೆ. ಭಾಗ ಎರಡು ಕನ್ನಡ. ಆಮೇಲೆ ಇಂಗ್ಲಿಷ್, ಹಿಂದಿ. ವಾರದ ಪೀರಿಯಡ್‌ಗಳು ಇಷ್ಟೇ ಎಂದು ನಿಗದಿಯಾಗಿವೆ. ಹೊಸದಾಗಿ ಒಂದು ಭಾಷೆಯನ್ನು ಮೊದಲ ಭಾಷೆಯ ಸ್ಥಾನದಲ್ಲಿ ಕೂರಿಸಬೇಕಾದರೆ ಇರುವ ಯಾವುದಾದರೂ ಒಂದು ಜಾಗ ಬಿಡಬೇಕು.

ಈಗ ಒಂದು ಸರಕಾರಿ ಹೈಸ್ಕೂಲನ್ನು ಊಹಿಸಿಕೊಳ್ಳಿ. ಎಂಟನೇ ಕ್ಲಾಸಿನ ಕನ್ನಡ ವಿಭಾಗದಲ್ಲಿ 18 ಮಕ್ಕಳಿದ್ದಾರೆ. ಏಳನೇ ಕಲಂ ಪ್ರಕಾರ ಇವರು ಕನ್ನಡವನ್ನೇ ಉಳಿಸಿಕೊಳ್ಳಬಹುದು. ಆದರೆ ಪಕ್ಕದ ವಿಭಾಗದಲ್ಲಿ ಮಲಯಾಳಂ ಕಡ್ಡಾಯ, ಪಿಎಸ್‌ಸಿ ಪರೀಕ್ಷೆಗೆ ಮಲಯಾಳಂ ಬೇಕು, ಆಡಳಿತವೂ ಅದೊಂದರಲ್ಲೇ ಎಂದಾದಾಗ ಅಪ್ಪ ಅಮ್ಮ ಲೆಕ್ಕ ಹಾಕುತ್ತಾರೆ. ಹತ್ತು ಮಕ್ಕಳು ಭಾಗ ಒಂದರಲ್ಲಿ ಮಲಯಾಳಂ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಇದನ್ನು ಯಾರೂ ಹೇರಲಿಲ್ಲ, ಮನೆಯವರೇ ಆರಿಸಿದರು. ಆದರೆ ಭಾಷಾ ಶಿಕ್ಷಕರ ಹುದ್ದೆ ನಿಂತಿರುವುದು ಮಕ್ಕಳ ತಲೆ ಎಣಿಕೆ ಮತ್ತು ಪೀರಿಯಡ್‌ಗಳ ಲೆಕ್ಕದ ಮೇಲೆ. ಕೇರಳದಲ್ಲಿ ಈ ಎಣಿಕೆಗೆ ಶಾಲೆ ತೆರೆದ ಆರನೇ ಕೆಲಸದ ದಿನ ಮುಖ್ಯ. ಪೀರಿಯಡ್ ಕಮ್ಮಿಯಾದರೆ ಕನ್ನಡ ಶಿಕ್ಷಕರ ಹುದ್ದೆಗೇ ಕುತ್ತು. ಹುದ್ದೆ ಹೋದ ಮೇಲೆ ಉಳಿದ ಎಂಟು ಮಕ್ಕಳಿಗೆ ‘ಶಾಲೆಯಲ್ಲಿ ಸಿಗುವ ಭಾಷೆ’ಯ ಪಟ್ಟಿಯಲ್ಲಿ ಕನ್ನಡ ಹೆಸರಿಗಷ್ಟೇ ಇರುತ್ತದೆ. ಮುಂದಿನ ವರ್ಷ ಅವರ ತಮ್ಮ ತಂಗಿಯರನ್ನು ಆ ವಿಭಾಗಕ್ಕೆ ಸೇರಿಸಲು ಮನೆಯವರು ಹಿಂಜರಿಯುತ್ತಾರೆ.

ಕನ್ನಡ ಬಾರದವರು ಕನ್ನಡ ಮಾಧ್ಯಮಕ್ಕೆ ಗಣಿತವೋ ಸಮಾಜವೋ ಕಲಿಸಲು ನೇಮಕವಾಗಿ ಬಂದದ್ದಕ್ಕೆ ಕಾಸರಗೋಡಿನಲ್ಲಿ ಹಲವು ಸಲ ಪ್ರತಿಭಟನೆ ಆಗಿದೆ. ಕಾಗದದ ಮೇಲೆ ಆ ಹುದ್ದೆ ಭರ್ತಿ. ಮಕ್ಕಳ ಪಾಲಿಗೆ ಖಾಲಿ. ವಿಭಾಗ ನಡೆಯುತ್ತಿದೆ ಎಂದು ವರದಿ ಹೋಗುತ್ತದೆ, ಹತ್ತನೇ ಕ್ಲಾಸಿನ ಫಲಿತಾಂಶದಲ್ಲಿ ಏಟು ಕಾಣಿಸುತ್ತದೆ.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. 1949ರಲ್ಲೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಭೆ ಒಂದು ಅಳತೆ ಹಾಕಿತ್ತು. ಪ್ರಾಥಮಿಕ ಶಾಲೆಯ ಒಂದು ಕ್ಲಾಸಿನಲ್ಲಿ 10 ಮಕ್ಕಳೋ ಇಡೀ ಶಾಲೆಯಲ್ಲಿ 40 ಮಕ್ಕಳೋ ಇದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕು. ಹೈಸ್ಕೂಲಿಗೆ ಮುಂದೆ ದಕ್ಷಿಣದ ರಾಜ್ಯಗಳು ಒಪ್ಪಿಕೊಂಡ ಅಳತೆ ಕ್ಲಾಸಿಗೆ 15. ಏಳನೇ ಕಲಂನಲ್ಲಿ ಇಂಥ ಒಂದು ಸಂಖ್ಯೆ, ಅದರ ಕೆಳಗೆ ಇಳಿದರೂ ಇಷ್ಟು ವರ್ಷ ಹುದ್ದೆ ತೆಗೆಯುವುದಿಲ್ಲ ಎಂಬ ಒಂದು ಸಾಲು ಇದ್ದರೆ ಜಗಳದ ಅರ್ಧ ಭಾಗ ಅಲ್ಲೇ ಮುಗಿಯುತ್ತಿತ್ತು.

ತಮಿಳುನಾಡಿನ ಅನುಭವ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಅಲ್ಲಿ 2006ರ ತಮಿಳು ಕಲಿಕೆ ಕಾನೂನು ಬಂದ ಮೇಲೆ ಹೊಸೂರು ಕಡೆಯ ತೆಲುಗು, ಕನ್ನಡ ಮಕ್ಕಳು ಹತ್ತನೇ ಕ್ಲಾಸಿನಲ್ಲಿ ತಮಿಳು ಪತ್ರಿಕೆ ಬರೆಯಬೇಕಾಯಿತು. ಕೋರ್ಟಿಗೆ ಹೋಗಿ ವರ್ಷ ವರ್ಷವೂ ವಿನಾಯಿತಿ ಬೇಡುವ ಪರಿಸ್ಥಿತಿ ಬಂತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಮುಟ್ಟಿತು. ಪರೀಕ್ಷೆಗೆ ಯಾವ ಭಾಷೆ ಎಂದು ಕೊನೆ ಗಳಿಗೆಯವರೆಗೂ ಗೊತ್ತಿಲ್ಲದೆ ಓದುವ ಮಗುವಿನ ಪಾಡು ಏನು?

ಕಚೇರಿಯಲ್ಲಿ ಕನ್ನಡ ಅರ್ಜಿ

ಪತ್ರ ವ್ಯವಹಾರದ ಹಕ್ಕಿನ ಕಥೆ ಸ್ವಲ್ಪ ಬೇರೆ. ಈ ಹಕ್ಕನ್ನು ಬರೆದ ಕಾಲದಲ್ಲಿ ಸರಕಾರದ ಜೊತೆ ವ್ಯವಹಾರ ಅಂದರೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಕೊಡುವುದು. ಈಗ ಹೆಚ್ಚಿನ ಪ್ರಮಾಣಪತ್ರಗಳಿಗೆ ಜನ ಹೋಗುವುದು ಅಕ್ಷಯ ಕೇಂದ್ರಕ್ಕೆ. ಅಲ್ಲಿ ಕೂತವರು ಕೇಳಿದ್ದನ್ನು ಪೋರ್ಟಲ್‌ನಲ್ಲಿ ತುಂಬುತ್ತಾರೆ, ಫೋನಿಗೆ ಎಸ್ಸೆಮ್ಮೆಸ್ ಬರುತ್ತದೆ, ಆಮೇಲೆ ಪ್ರಿಂಟ್ ಸಿಗುತ್ತದೆ. ಇದರಲ್ಲಿ ‘ಪತ್ರ’ ಯಾವುದು, ‘ಉತ್ತರ’ ಯಾವುದು? ಪೋರ್ಟಲ್‌ನ ಫಾರಂ ಕನ್ನಡದಲ್ಲಿರಬೇಕು ಎಂದು ಏಳನೇ ಕಲಂ ಬಿಡಿಸಿ ಹೇಳುವುದಿಲ್ಲ. ಹೀಗೆ ಹಕ್ಕು ಹಾಗೇ ಉಳಿದು, ಅದನ್ನು ಬಳಸುವ ಜಾಗವೇ ಕಮ್ಮಿಯಾಗುತ್ತಾ ಹೋಗುತ್ತದೆ.

ಇನ್ನೊಂದು ಬದಲಾವಣೆ ಹೆಚ್ಚು ಚರ್ಚೆಗೆ ಬಂದಿಲ್ಲ. ಮಲಯಾಳಂ ಓದಲು ಬಾರದ ಕನ್ನಡಿಗರು ಇದುವರೆಗೆ ಸರಕಾರದ ಆದೇಶ, ನೋಟಿಸು ಇಂಗ್ಲಿಷಿನಲ್ಲಿ ಸಿಕ್ಕರೆ ಓದಿಕೊಳ್ಳುತ್ತಿದ್ದರು. ಇಂಗ್ಲಿಷ್ ಆಡಳಿತ ಭಾಷೆಯ ಸ್ಥಾನದಿಂದ ಇಳಿದಷ್ಟೂ ಆ ಆಸರೆ ಕಮ್ಮಿಯಾಗುತ್ತದೆ. ಮಲಯಾಳಿಗಳಿಗೆ ಇದರಿಂದ ದೊಡ್ಡ ಲಾಭ ಇದೆ, ಇಂಗ್ಲಿಷ್ ಬಾರದ ಬಡವರೂ ತಮ್ಮ ಸರಕಾರದ ಕಾಗದ ಓದಬಹುದು. ಆ ಉದ್ದೇಶ ಒಳ್ಳೆಯದೇ. ಅದೇ ನ್ಯಾಯದಲ್ಲಿ ಇಂಗ್ಲಿಷೂ ಮಲಯಾಳವೂ ಬಾರದ ಮಂಜೇಶ್ವರದ ಬೀಡಿ ಕಟ್ಟುವ ಹೆಂಗಸಿಗೂ ತನ್ನ ಪಿಂಚಣಿಯ ನೋಟಿಸು ಓದುವ ಅವಕಾಶ ಬೇಕು.

ಎಣಿಕೆಯಲ್ಲಿ ಕಾಣದವರು

ಕೇಂದ್ರ ಸರಕಾರದ 1956ರ ಸೂಚನೆಗಳ ಪ್ರಕಾರ ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟು ಇದ್ದರೆ ಮುಖ್ಯ ನೋಟಿಸು, ಮತದಾರರ ಪಟ್ಟಿ ಇತ್ಯಾದಿ ಅವರ ಭಾಷೆಯಲ್ಲೂ ಬರಬೇಕು. ಎಣಿಸುವುದು ಜನಗಣತಿಯ ಮಾತೃಭಾಷೆಯ ಲೆಕ್ಕದಿಂದ. ಕಾಸರಗೋಡಿನಲ್ಲಿ ತೊಡಕು ಬರುವುದು ಇಲ್ಲಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದಿದವರು ಬೇಕಾದಷ್ಟು ಜನ ಇದ್ದಾರೆ. ಗಣತಿಯವರು ಕೇಳಿದಾಗ ಅವರು ಪ್ರಾಮಾಣಿಕವಾಗಿ ‘ತುಳು’ ಅನ್ನುತ್ತಾರೆ. ಅವರು ಓದಿ ಬರೆಯುವ ಭಾಷೆ ಕನ್ನಡ ಎಂಬುದು ಆ ಕಾಲಂನಲ್ಲಿ ಕಾಣುವುದಿಲ್ಲ. ಕನ್ನಡಿಗರು ಇಷ್ಟೇ ಜನ ಎಂದು ಯಾರಾದರೂ ಜಿಲ್ಲೆಯ ಅಂಕಿ ತೋರಿಸಿದರೆ ಅದು ಕನ್ನಡ ಫಾರಂ ಬೇಕಾದವರ ಸಂಖ್ಯೆಯನ್ನು ಹೇಳುವುದಿಲ್ಲ. ಹೊಸ ಕಾನೂನಿನ ನಿಯಮ ಮಾಡುವಾಗ ಮಾತೃಭಾಷೆಯ ಜೊತೆ ಶಾಲೆಯ ಭಾಷೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂಬುದು ಬಹಳ ಮುಖ್ಯ.

ರಾಜಕೀಯವಾಗಿ ಈ ಜನ ಧ್ವನಿ ಇಲ್ಲದವರೇನಲ್ಲ. ಮಂಜೇಶ್ವರದಲ್ಲಿ 2016ರ ಚುನಾವಣೆ ತೀರ್ಮಾನವಾಗಿದ್ದು 89 ಓಟುಗಳಲ್ಲಿ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಅಲ್ಲಿ ಓಟು ಕೇಳುವವರು ಕನ್ನಡದಲ್ಲೂ ಮಾತಾಡಲೇಬೇಕು. ಆದರೆ ವಿಧಾನಸಭೆಯ 140 ಸ್ಥಾನಗಳಲ್ಲಿ ಕನ್ನಡದ ಓಟು ಲೆಕ್ಕಕ್ಕೆ ಬರುವ ಕ್ಷೇತ್ರಗಳು ತೀರಾ ಕಮ್ಮಿ. ಬರೀ ಓಟಿನ ಬಲದಿಂದ ಉಳಿಸಿಕೊಳ್ಳಲು ಆಗದ್ದನ್ನು ಕಾಯುವುದಕ್ಕೇ ಸಂವಿಧಾನದ ರಕ್ಷಣೆ ಬೇಕಾಗುವುದು.

ಮಲಯಾಳಂ ಕಲಿಯುವುದು ಕರ್ತವ್ಯವೇ?

ಕೇರಳದ ವಾದದ ಗಟ್ಟಿ ಭಾಗ ಇದು. ಇರುವ ರಾಜ್ಯದ ಭಾಷೆ ಕಲಿಯಿರಿ ಎಂದರೆ ಅದರಲ್ಲಿ ತಪ್ಪೇನು? ಮಹಾರಾಷ್ಟ್ರ ತನ್ನ ಗುಜರಾತಿ ಅಲ್ಪಸಂಖ್ಯಾತ ಶಾಲೆಗಳಲ್ಲೂ ಐದನೇ ಕ್ಲಾಸಿನಿಂದ ಮರಾಠಿ ಕಡ್ಡಾಯ ಮಾಡಿದಾಗ ಉಷಾ ಮೆಹ್ತಾ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಜ್ಯದ ಭಾಷೆ ಕಲಿಯದಿದ್ದರೆ ಅಲ್ಲಿನ ಬದುಕಿನ ಮುಖ್ಯ ಧಾರೆಯಿಂದಲೇ ದೂರ ಉಳಿಯಬೇಕಾಗುತ್ತದೆ ಎಂದಿತು. ಕರ್ನಾಟಕವೇ 2015ರಲ್ಲಿ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ ಮಾಡುವ ಕಾನೂನು ತಂದಿದೆ. ಮಂಗಳೂರಿನ ಮಲಯಾಳಿ ಮಗುವಿಗೆ ಕನ್ನಡ ಕಲಿ ಎನ್ನುವ ನಾವು, ಕುಂಬಳೆಯ ಮಗು ಮಲಯಾಳಂ ಕಲಿಯುವುದನ್ನೇ ಅನ್ಯಾಯ ಎಂದರೆ ಆ ಮಾತು ನಿಲ್ಲುವುದಿಲ್ಲ.

ಆದರೆ ಕಲಿಯುವುದಕ್ಕೂ ಮೊದಲ ಭಾಷೆಯ ಜಾಗ ಬಿಟ್ಟುಕೊಡುವುದಕ್ಕೂ ವ್ಯತ್ಯಾಸ ಇದೆ. ಮಹಾರಾಷ್ಟ್ರದ ಪ್ರಕರಣದಲ್ಲಿ ಗುಜರಾತಿಗಳ ಶಾಲೆ ಗುಜರಾತಿಗಳ ಕೈಯಲ್ಲೇ ಉಳಿಯಿತು, ಮರಾಠಿ ಒಂದು ವಿಷಯವಾಗಿ ಸೇರಿತು. ಕಾಸರಗೋಡಿನಲ್ಲೂ ಮಲಯಾಳಂ ಮೂರನೇ ಭಾಷೆಯಾಗಿಯೋ ಮಾತಾಡಲು ಕಲಿಸುವ ಪಾಠವಾಗಿಯೋ ಬಂದರೆ ಹೆಚ್ಚಿನ ಮನೆಗಳು ಬೇಡ ಅನ್ನಲಾರವು. ಅಲ್ಲಿನ ಜನ ಪೇಟೆಯಲ್ಲಿ ಮಲಯಾಳಂ, ಮನೆಯಲ್ಲಿ ತುಳು, ಓದಿಗೆ ಕನ್ನಡ ಎಂದು ಮೊದಲಿಂದಲೂ ಬದುಕಿದವರು. ಅವರಿಗಿರುವುದು ಮಲಯಾಳದ ಭಯ ಅಲ್ಲ, ಕನ್ನಡ ಮೇಷ್ಟ್ರ ಹುದ್ದೆ ಹೋಗುತ್ತದೆಂಬ ಭಯ.

ಕರ್ತವ್ಯ ಒಂದು ಕಡೆಯದು ಮಾತ್ರ ಆಗಲಾರದು. ಭಾಷೆ, ಪ್ರದೇಶದ ಭೇದ ಮೀರಿ ಸಾಮರಸ್ಯ ಬೆಳೆಸಬೇಕು ಎಂದು ಸಂವಿಧಾನದ 51ಎ ವಿಧಿ ಎಲ್ಲ ಪೌರರಿಗೂ ಹೇಳುತ್ತದೆ. ಕಾಸರಗೋಡಿಗೆ ವರ್ಗವಾಗಿ ಬರುವ ಅಧಿಕಾರಿಯೂ ಪೌರನೇ. ಅವರು ಆರು ತಿಂಗಳಲ್ಲಿ ಕನ್ನಡ ಅರ್ಜಿ ಓದುವಷ್ಟು ಕಲಿಯಲಿ ಎಂದು ಕೇಳುವುದು ಜಾಸ್ತಿ ಆಗುವುದಿಲ್ಲ.

ನಮ್ಮವರು ಯಾರು?

ಗಡಿಯಾಚೆಯ ಸಹಾನುಭೂತಿ ಎಷ್ಟರ ಮಟ್ಟಿನದು ಎಂಬುದನ್ನು 2020 ತೋರಿಸಿತು. ಕೊರೊನಾ ಕಾಲದಲ್ಲಿ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಆಂಬುಲೆನ್ಸ್‌ಗಳನ್ನು ತಡೆದದ್ದರಿಂದ ಸಮಯಕ್ಕೆ ಚಿಕಿತ್ಸೆ ಸಿಗದೆ ಸಾವುಗಳಾದವು. ದಾರಿ ತೆರೆಸಲು ಕೇರಳ ಹೈಕೋರ್ಟಿನ ಆದೇಶ ಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಅವರ ಪರವಾಗಿ ನಿಂತದ್ದು ಭಾರತದ ಪೌರರಾಗಿ ಅವರಿಗಿದ್ದ ಹಕ್ಕು. ಕನ್ನಡಿಗರು ಎಂಬ ಗುರುತು ಆ ಗೇಟನ್ನು ತೆರೆಸಲಿಲ್ಲ.

ಕರ್ನಾಟಕ ಅವರನ್ನು ಪೂರ್ತಿ ಮರೆತಿದೆ ಎಂದಲ್ಲ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಲ್ಲಿ ವಾಸಿಸುವ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಕರ್ನಾಟಕದ ಸಿಇಟಿ ಸೀಟಿಗೆ ಅರ್ಹರು. ಇದು ದೊಡ್ಡ ಬಾಗಿಲು. ಆದರೆ ಹೈಸ್ಕೂಲಿನಲ್ಲಿ ಕನ್ನಡ ವಿಭಾಗವೇ ಮುಚ್ಚಿದರೆ, ಆ ಸೀಟಿಗೆ ಬೇಕಾದ ಕನ್ನಡವನ್ನು ಮಕ್ಕಳು ಕಲಿಯುವುದೆಲ್ಲಿ?

ಮುಂದೆ ಏನಾಗಬಹುದು

ಏಳನೇ ಕಲಂ ಹಾಗೇ ಜಾರಿಯಾದರೆ ಒಂದೆರಡು ವರ್ಷ ದೊಡ್ಡ ಬದಲಾವಣೆ ಕಾಣಲಿಕ್ಕಿಲ್ಲ. ಕನ್ನಡ ಶಾಲೆಗಳು ನಡೆಯುತ್ತವೆ. ಮಸೂದೆ ನಿರುಪದ್ರವಿ ಎಂದು ಕೆಲವರು ಅದನ್ನೇ ತೋರಿಸುತ್ತಾರೆ. ಏಟು ಬಿದ್ದಿದೆಯೋ ಇಲ್ಲವೋ ಎಂದು ತಿಳಿಯಲು ನೋಡಬೇಕಾದದ್ದು ಬೇರೆ: ಪ್ರತಿ ಜೂನ್‌ನಲ್ಲಿ ಒಂದು ಮತ್ತು ಎಂಟನೇ ಕ್ಲಾಸಿನ ಕನ್ನಡ ವಿಭಾಗಕ್ಕೆ ಸೇರುವವರ ಸಂಖ್ಯೆ, ನಿವೃತ್ತರಾದ ಕನ್ನಡ ಶಿಕ್ಷಕರ ಜಾಗ ತುಂಬಲು ಹಿಡಿದ ತಿಂಗಳುಗಳು, ಬಂದವರು ಕನ್ನಡದಲ್ಲಿ ಪಾಠ ಮಾಡಬಲ್ಲರೋ ಎಂಬುದು.

ಕೋರ್ಟಿನ ದಾರಿಯೂ ಇದೆ. ಆದರೆ ವಿನಾಯಿತಿಯ ಕಲಂ ಇರುವಾಗ ಇಡೀ ಕಾನೂನನ್ನೇ ಹೊಡೆದುಹಾಕಿಸುವುದು ಕಷ್ಟ. ಒಂದೊಂದೇ ಹುದ್ದೆ, ಒಂದೊಂದೇ ಆದೇಶವನ್ನು ಪ್ರಶ್ನಿಸುವುದು ಹೆಚ್ಚು ಫಲ ಕೊಡಬಹುದು. ಅದಕ್ಕೆ ಬೇಕಾದದ್ದು ದಾಖಲೆ. ಕನ್ನಡದಲ್ಲಿ ಅರ್ಜಿ ಕೊಟ್ಟವರು ತಾರೀಕು ಹಾಕಿದ ಸ್ವೀಕೃತಿ ಕೇಳಿ ಪಡೆಯಬೇಕು. ಉತ್ತರ ಬೇರೆ ಭಾಷೆಯಲ್ಲಿ ಬಂದರೆ ಸುಮ್ನೆ ಎತ್ತಿಡದೆ, ಎರಡರ ನಕಲನ್ನೂ ಸೇರಿಸಿ ಜಿಲ್ಲಾಧಿಕಾರಿಗೆ, 350ಬಿ ವಿಧಿಯ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ದೂರು ಬರೆಯಬೇಕು. ಯಾವ ಭಾಷೆಯಲ್ಲಿ ಎಂಬ ಚಿಂತೆ ಬೇಡ. ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕನ್ನು 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಹೊಸ ಮಸೂದೆ ಅದನ್ನು ಮುಟ್ಟಲು ಸಾಧ್ಯವಿಲ್ಲ.